ಕೆರಳಿದ ರೊಟೇಟರ್ ಕಫ್‌ಗೆ ಬ್ಯಾಂಡ್ ವ್ಯಾಯಾಮ: ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು

ಪ್ರಶ್ನೆ: ನನಗೆ 44 ವರ್ಷ. ಓವರ್‌ಹೆಡ್ ಪ್ರೆಸ್ ಮಾಡುವಾಗ ಬಲಭುಜದ ಹೊರಬದಿಯಲ್ಲಿ ನೋವು ಬರುತ್ತಿದ್ದುದರಿಂದ ಮೂರು ತಿಂಗಳಿಂದ ಅದನ್ನು ಬಿಟ್ಟಿದ್ದೇನೆ. ಸ್ಕ್ಯಾನ್ ನೋಡಿದ ವೈದ್ಯರು ಏನೂ ಹರಿದಿಲ್ಲ, ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳ ಗುಂಪಾದ ರೊಟೇಟರ್ ಕಫ್ ಕೆರಳಿದೆ ಎಂದರು. ರೆಸಿಸ್ಟೆನ್ಸ್ ಬ್ಯಾಂಡ್ ಉದ್ದವಾಯಿತೆಂದು ಎರಡು ಮಡಿಕೆ ಮಾಡಿ ಬಾಗಿಲ ಹಿಡಿಕೆಗೆ ಕಟ್ಟಿ, ಕೈಯನ್ನು ಹೊರಕ್ಕೆ ತಿರುಗಿಸುವ ವ್ಯಾಯಾಮವನ್ನು ದಿನವೂ 50 ಸಲ ಮಾಡುತ್ತೇನೆ. ಗುಣವಾಗುವುದಿರಲಿ, ಈಗ ರಾತ್ರಿ ಆ ಮಗ್ಗುಲಿಗೆ ಮಲಗುವುದೇ ಕಷ್ಟವಾಗಿದೆ. ಬ್ಯಾಂಡನ್ನೇ ಬಿಟ್ಟುಬಿಡಬೇಕೆ?

ಉತ್ತರ: ಬ್ಯಾಂಡನ್ನು ಬಿಡಬೇಕಾಗಿಲ್ಲ, ಅದನ್ನು ಬಳಸುತ್ತಿರುವ ಕ್ರಮವನ್ನು ಬದಲಿಸಬೇಕು. ನೀವು ಆರಿಸಿಕೊಂಡಿರುವ ವ್ಯಾಯಾಮ ಸರಿಯಾದದ್ದೇ. ಆದರೆ ಬ್ಯಾಂಡನ್ನು ಮಡಿಕೆ ಮಾಡಿದ್ದು ಮತ್ತು ದಿನವೂ ಐವತ್ತು ಸಲ ಎಳೆದದ್ದು, ಈ ಎರಡೂ ಸೇರಿ, ಸ್ನಾಯುವನ್ನು ಮೂಳೆಗೆ ಕಟ್ಟುವ, ಈಗ ಕೆರಳಿರುವ ಸ್ನಾಯುರಜ್ಜುವಿನ ಮೇಲೆ ಅದು ತಾಳಲಾರದಷ್ಟು ಹೊರೆಯನ್ನು ಹಾಕಿವೆ ಎಂಬುದು ನನ್ನ ಅಂದಾಜು. ಹೊರೆಯ ಲೆಕ್ಕವನ್ನು ಮೊದಲು ಅರ್ಥ ಮಾಡಿಕೊಂಡರೆ ಉಳಿದ ಸಲಹೆಗಳೆಲ್ಲ ತಾವಾಗಿ ಹೊಂದಿಕೊಳ್ಳುತ್ತವೆ.

ಡಂಬೆಲ್ಲಿನ ತೂಕ ಮೊದಲಿನಿಂದ ಕೊನೆಯವರೆಗೆ ಒಂದೇ ಇರುತ್ತದೆ, ಬ್ಯಾಂಡಿನ ಬಿಗಿ ಹಾಗಲ್ಲ. ಅದು ತನ್ನ ಮೂಲ ಉದ್ದಕ್ಕಿಂತ ಎಷ್ಟು ಪಾಲು ಹಿಗ್ಗಿದೆ ಎಂಬುದರ ಮೇಲೆ ನಿಂತಿದೆ. ಮೊಣಕೈಯನ್ನು ಪಕ್ಕೆಗೆ ಇಟ್ಟುಕೊಂಡು ಮುಂಗೈಯನ್ನು ಒಳಗಿನಿಂದ ಹೊರಕ್ಕೆ ತಿರುಗಿಸಿದಾಗ ನಿಮ್ಮ ಮುಷ್ಟಿ ಹೆಚ್ಚುಕಡಿಮೆ 40 ಸೆಂಟಿಮೀಟರ್ ದೂರ ಸಾಗುತ್ತದೆ. ಬ್ಯಾಂಡ್ 120 ಸೆಂಟಿಮೀಟರ್ ಉದ್ದವಿದ್ದು ಅದನ್ನು ಒಂದೇ ಎಳೆಯಾಗಿ ಹಿಡಿದಿದ್ದರೆ ಅದು ಹಿಗ್ಗುವುದು ತನ್ನ ಉದ್ದದ ಮೂರನೆಯ ಒಂದು ಪಾಲು ಮಾತ್ರ. ಅದನ್ನೇ ಮಡಿಕೆ ಮಾಡಿದರೆ ಉದ್ದ 60 ಸೆಂಟಿಮೀಟರಿಗೆ ಇಳಿಯುತ್ತದೆ, ಅದೇ 40 ಸೆಂಟಿಮೀಟರ್ ಚಲನೆಗೆ ಅದು ಮೂರನೆಯ ಎರಡು ಪಾಲು ಹಿಗ್ಗಬೇಕಾಗುತ್ತದೆ, ಸಾಲದ್ದಕ್ಕೆ ಎಳೆಗಳೂ ಎರಡಾಗುತ್ತವೆ. ಒಟ್ಟಿನಲ್ಲಿ ಚಲನೆಯ ಕೊನೆಯಲ್ಲಿ ಕೈಗೆ ಬೀಳುವ ಬಲ ಮೂರು-ನಾಲ್ಕು ಪಟ್ಟು ಹೆಚ್ಚುತ್ತದೆ. ಶುರುವಿನಲ್ಲಿ ಬ್ಯಾಂಡ್ ಹಗುರವಾಗಿಯೇ ಅನ್ನಿಸುವುದರಿಂದ ಇದು ಗಮನಕ್ಕೆ ಬರುವುದಿಲ್ಲ. ಬ್ಯಾಂಡಿನ ಬಣ್ಣವನ್ನು ನಂಬಿ ಹಗುರದ್ದನ್ನೇ ಕೊಂಡಿದ್ದೇನೆ ಎಂದುಕೊಳ್ಳುವವರೂ ಇದೇ ಕಾರಣಕ್ಕೆ ಮೋಸಹೋಗುತ್ತಾರೆ. ಬಣ್ಣಗಳ ಕ್ರಮ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ ಎಂಬುದು ಬೇರೆ ಮಾತು.

ಇನ್ನೊಂದು ಬದಿಯಲ್ಲಿ, ಕೈಯನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳ ಬಲ ಚಲನೆಯ ಕೊನೆಗೆ ಬಂದಂತೆ ಕುಗ್ಗುತ್ತದೆ. ರೊಟೇಟರ್ ಕಫ್ ಎಂದರೆ ನಾಲ್ಕು ಸ್ನಾಯುಗಳ ಗುಂಪು: ಭುಜದ ಮೇಲ್ಭಾಗದಲ್ಲಿ ಸುಪ್ರಾಸ್ಪೈನೇಟಸ್, ಹಿಂಬದಿಯಲ್ಲಿ ಇನ್ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್, ಮುಂಬದಿಯಲ್ಲಿ ಸಬ್‌ಸ್ಕಾಪ್ಯುಲಾರಿಸ್. ಹಿಂಬದಿಯ ಎರಡು ಸ್ನಾಯುಗಳು ಕೈಯನ್ನು ಹೊರಕ್ಕೆ ತಿರುಗಿಸುವುದರ ಜೊತೆಗೆ, ತೋಳಿನ ಮೂಳೆಯ ಗುಂಡು ತಲೆಯನ್ನು ಕೀಲಿನ ನಡುವಿನಲ್ಲಿ ಹಿಡಿದಿಡುತ್ತವೆ. ಕೈ ಹೊರಕ್ಕೆ ತಿರುಗಿದಷ್ಟೂ ಅವು ಮೋಟಾಗುತ್ತವೆ, ಮೋಟಾದ ಸ್ನಾಯುವಿಗೆ ಎಳೆಯುವ ಶಕ್ತಿ ಕಡಿಮೆ. ಹೀಗೆ ಬ್ಯಾಂಡ್ ಅತ್ಯಂತ ಬಿಗಿಯಾಗುವ ಜಾಗವೂ ಸ್ನಾಯು ಅತ್ಯಂತ ದುರ್ಬಲವಾಗುವ ಜಾಗವೂ ಒಂದೇ ಆಗಿಬಿಡುತ್ತದೆ. ಅಲ್ಲಿ ಸೋತ ಸ್ನಾಯುವಿನ ಕೆಲಸವನ್ನು ಭುಜದ ದೊಡ್ಡ ಸ್ನಾಯುಗಳು, ಸೊಂಟದ ತಿರುವು ಮತ್ತು ಮಣಿಕಟ್ಟಿನ ಬಾಗು ಹಂಚಿಕೊಳ್ಳತೊಡಗುತ್ತವೆ. ಲೆಕ್ಕಕ್ಕೆ ಐವತ್ತು ಸಲ ಆಗಿರುತ್ತದೆ, ಆದರೆ ಕೆಲಸ ಯಾರಿಗೆ ಬೇಕಿತ್ತೋ ಅವರಿಗೆ ಸರಿಯಾಗಿ ಸಿಕ್ಕಿರುವುದಿಲ್ಲ.

ಆದ್ದರಿಂದ ಮೊದಲು ಮಡಿಕೆಯನ್ನು ಬಿಚ್ಚಿ. ಹಿಡಿಕೆಗೆ ಕಟ್ಟುವ ಬದಲು ಬ್ಯಾಂಡಿನ ತುದಿಗೆ ಗಂಟು ಹಾಕಿ, ಆ ಗಂಟು ಬಾಗಿಲ ಆಚೆ ಉಳಿಯುವಂತೆ ಬಾಗಿಲು ಮುಚ್ಚಿ ಚಿಲಕ ಹಾಕಿ. ಬ್ಯಾಂಡು ಮೊಣಕೈಯ ಎತ್ತರದಲ್ಲಿರಲಿ, ನಿಮ್ಮ ಕಡೆಗೆ ತೆರೆದುಕೊಳ್ಳುವ ಬಾಗಿಲನ್ನು ಬಳಸಬೇಡಿ. ರಬ್ಬರಿನಲ್ಲಿ ಸಣ್ಣ ಬಿರುಕೋ ಬಿಳಿಚಿದ ಗೆರೆಯೋ ಕಂಡರೆ ಆ ಬ್ಯಾಂಡನ್ನು ಎಸೆಯಿರಿ. ಅದು ಕಿತ್ತು ಬಂದರೆ ಹೊಡೆಯುವುದು ಮುಖಕ್ಕೆ.

ರಾತ್ರಿ ನಿದ್ದೆ ಕೆಡುವಷ್ಟು ಭುಜ ಕೆರಳಿರುವುದರಿಂದ, ಮೊದಲ ಹತ್ತು-ಹದಿನಾಲ್ಕು ದಿನ ಕೈಯನ್ನು ತಿರುಗಿಸುವುದೇ ಬೇಡ, ಬ್ಯಾಂಡಿನ ಎಳೆತಕ್ಕೆ ಕೈಯನ್ನು ಅಲುಗದಂತೆ ನಿಲ್ಲಿಸುವುದಷ್ಟೇ ಸಾಕು. ಬಾಗಿಲು ನಿಮ್ಮ ಎಡಕ್ಕೆ ಇರುವಂತೆ ನಿಂತು, ಬಲ ಮೊಣಕೈಯನ್ನು ಲಂಬಕೋನಕ್ಕೆ ಮಡಚಿ, ಮುಂಗೈ ನೇರ ಮುಂದಕ್ಕೆ ಇರುವಂತೆ ಬ್ಯಾಂಡನ್ನು ಹಿಡಿಯಿರಿ. ಕೈಯ ಭಂಗಿ ಬದಲಾಗದಿರಲಿ, ಹಾಗೆಯೇ ಬಲಕ್ಕೆ ಒಂದು ಸಣ್ಣ ಹೆಜ್ಜೆ ಸರಿಯಿರಿ. ಮುಂಗೈಯನ್ನು ಬ್ಯಾಂಡ್ ಒಳಕ್ಕೆ ಎಳೆಯತೊಡಗುತ್ತದೆ, ಅದಕ್ಕೆ ಮಣಿಯದೆ 30 ಸೆಕೆಂಡ್ ನಿಲ್ಲಿ, ಉಸಿರು ಬಿಗಿಹಿಡಿಯಬೇಡಿ. ಒಂದು ನಿಮಿಷ ಬಿಟ್ಟು ಮತ್ತೆ ಮಾಡಿ, ಹೀಗೆ ಐದು ಸಲ. ಹೊರೆ ಹಗುರವಿರುವುದರಿಂದ ಇದನ್ನು ದಿನವೂ ಮಾಡಬಹುದು. ಹೆಜ್ಜೆಯ ಅಗಲವೇ ಇಲ್ಲಿ ಹೊರೆಯ ಅಳತೆ: ನೋವು ಹೆಚ್ಚಿದರೆ ಅರ್ಧ ಹೆಜ್ಜೆ ಬಾಗಿಲ ಕಡೆಗೆ ಬನ್ನಿ, ಏನೂ ಅನ್ನಿಸದಿದ್ದರೆ ಅರ್ಧ ಹೆಜ್ಜೆ ದೂರ ಹೋಗಿ.

ಎಷ್ಟು ನೋವನ್ನು ಒಪ್ಪಿಕೊಳ್ಳಬಹುದು ಎಂಬುದು ಎಲ್ಲರೂ ಕೇಳುವ ಮಾತು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ವ್ಯಾಯಾಮದ ಹೊತ್ತಿಗೆ ಮೂರರವರೆಗಿನ ನೋವು ಇದ್ದರೆ ನಾನು ನಿಲ್ಲಿಸಲು ಹೇಳುವುದಿಲ್ಲ. ಆದರೆ ಆ ಹೊತ್ತಿನ ನೋವಿಗಿಂತ ಮರುದಿನ ಬೆಳಿಗ್ಗೆಯ ಸ್ಥಿತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಸ್ನಾಯುರಜ್ಜು ಹೊರೆಗೆ ತೋರಿಸುವ ಪ್ರತಿಕ್ರಿಯೆ ತಡವಾಗಿ ಬರುತ್ತದೆ. ಮಾಡುವಾಗ ಬಿಸಿಯೇರಿ ಹಿತವಾಗಿದ್ದ ಭುಜ ಅದೇ ರಾತ್ರಿ ಅಥವಾ ಮರುದಿನ ಜುಮುಗುಡುವುದು ತೀರಾ ಸಾಮಾನ್ಯ. ಪ್ರತಿದಿನ ಬೆಳಿಗ್ಗೆ ಒಂದೇ ಕೆಲಸವನ್ನು ಪರೀಕ್ಷೆಯಾಗಿ ಇಟ್ಟುಕೊಳ್ಳಿ, ಉದಾಹರಣೆಗೆ ಅಂಗಿಯ ತೋಳಿಗೆ ಬಲಗೈ ತೂರಿಸುವುದು. ಅದು ನಿನ್ನೆಯಷ್ಟೇ ಅಥವಾ ನಿನ್ನೆಗಿಂತ ಸಲೀಸಾಗಿದ್ದರೆ ನಿನ್ನೆಯ ಹೊರೆ ಸರಿಯಿತ್ತು. ನೋವು ಹೆಚ್ಚಾಗಿದ್ದು 24 ಗಂಟೆಯೊಳಗೆ ಇಳಿಯದಿದ್ದರೆ ಮುಂದಿನ ಸಲ ಹೊರೆಯನ್ನು ಇಳಿಸಬೇಕು. ದಿನವೂ ಐವತ್ತು ಸಲ ಎಳೆಯುವವರಿಗೆ ಈ ಸುಳಿವು ಸಿಗುವುದೇ ಇಲ್ಲ, ಏಕೆಂದರೆ ಹಿಂದಿನ ದಿನದ ಪ್ರತಿಕ್ರಿಯೆ ಹೊರಬರುವ ಮೊದಲೇ ಅವರು ಮತ್ತೊಂದು ಸುತ್ತು ಮುಗಿಸಿರುತ್ತಾರೆ.

ಬೆಳಗಿನ ಪರೀಕ್ಷೆ ಒಂದು ವಾರ ಕೆಡದೆ ನಿಂತಿತು, ರಾತ್ರಿ ಎಚ್ಚರವಾಗುವುದೂ ಕಡಿಮೆಯಾಯಿತು ಎಂದಾದರೆ ತಿರುಗಿಸುವ ವ್ಯಾಯಾಮಕ್ಕೆ ಮರಳಬಹುದು. ಈ ಸಲ ಟವೆಲ್ಲೊಂದನ್ನು ಸುತ್ತಿ ಮೊಣಕೈಗೂ ಪಕ್ಕೆಗೂ ನಡುವೆ ಇಟ್ಟುಕೊಳ್ಳಿ. ತೋಳು ಪಕ್ಕೆಗೆ ಒತ್ತಿಕೊಂಡಿದ್ದಾಗ ಸುಪ್ರಾಸ್ಪೈನೇಟಸ್‌ನ ರಜ್ಜು ಮೂಳೆಯ ತಲೆಯ ಮೇಲೆ ಸೆಟೆದಿರುತ್ತದೆ, ತೋಳು ಸ್ವಲ್ಪ ಬಿಟ್ಟುಕೊಂಡರೆ ಆ ಸೆಳೆತ ತಗ್ಗುತ್ತದೆ. ಟವೆಲ್ಲಿಗೆ ಇನ್ನೊಂದು ಉಪಯೋಗವೂ ಇದೆ. ಮೊಣಕೈ ಜಾಗ ಬಿಟ್ಟು ಆಚೆ ಹೋದ ಕೂಡಲೇ ಅದು ಕೆಳಗೆ ಬೀಳುತ್ತದೆ, ನೀವು ದಾರಿ ತಪ್ಪಿದ್ದೀರಿ ಎಂದು ಹೇಳಲು ಬೇರೆಯವರು ಬೇಕಾಗುವುದಿಲ್ಲ. ಆದರೆ ಅದನ್ನು ಬಲವಾಗಿ ಅದುಮಿ ಹಿಡಿಯಬೇಡಿ, ಬೀಳದಷ್ಟು ತಾಗಿದ್ದರೆ ಸಾಕು.

ಚಲನೆಯನ್ನು ಹೊಟ್ಟೆಯ ಮೇಲಿನಿಂದ ಶುರುಮಾಡುವ ಅಗತ್ಯವಿಲ್ಲ. ಮುಂಗೈ ನೇರ ಮುಂದಕ್ಕಿಂತ ಸ್ವಲ್ಪ ಒಳಗಿರುವಲ್ಲಿಂದ ಹೊರಟು, ನೇರವನ್ನು ದಾಟಿ ಸುಮಾರು 30 ಡಿಗ್ರಿ ಹೊರಕ್ಕೆ ಹೋದರೆ ಸಾಕು. ಹೊರಕ್ಕೆ ಎರಡು ಸೆಕೆಂಡ್, ಮರಳಿ ಬರಲು ಮೂರರಿಂದ ನಾಲ್ಕು ಸೆಕೆಂಡ್ ತೆಗೆದುಕೊಳ್ಳಿ. ಬ್ಯಾಂಡ್ ತಾನೇ ಕೈಯನ್ನು ಸೆಳೆದುಕೊಂಡು ಹೋಗಲು ಬಿಟ್ಟರೆ ಅರ್ಧ ವ್ಯಾಯಾಮ ನಷ್ಟವಾಗುವುದಲ್ಲದೆ, ರಜ್ಜುವಿಗೆ ಜರ್ಕ್ ಕೂಡ ಬೀಳುತ್ತದೆ. ಬ್ಯಾಂಡ್ ನಿಮಗೆ ಸರಿಯಾಗಿ ಪಕ್ಕದಿಂದ ಬರುತ್ತಿದೆಯೇ ಎಂದು ನೋಡಿಕೊಳ್ಳಿ. ಅದು ಓರೆಯಾಗಿ ಮುಂದಿನಿಂದ ಬಂದರೆ ಕೈ ಹೊರಗಿದ್ದಾಗ, ಅಂದರೆ ಸ್ನಾಯು ಸೋಲುವಲ್ಲಿಯೇ, ಎಳೆತದ ಪೂರ್ತಿ ಪರಿಣಾಮ ಬೀಳುತ್ತದೆ. ಹಾಗಿದ್ದರೆ ಒಂದು ಹೆಜ್ಜೆ ಮುಂದೆ ಬಂದು ನಿಂತರೆ ಸರಿಹೋಗುತ್ತದೆ.

ಹತ್ತರಿಂದ ಹನ್ನೆರಡು ಸಲದ ಮೂರು ಸೆಟ್, ನಡುವೆ ಒಂದೂವರೆ ನಿಮಿಷ ವಿಶ್ರಾಂತಿ, ದಿನ ಬಿಟ್ಟು ದಿನ. ಪ್ರತಿ ಸೆಟ್ಟಿನ ಕೊನೆಯ ಎರಡು-ಮೂರು ಸಲ ಕಷ್ಟವೆನ್ನಿಸಬೇಕು, ಆದರೆ ರೂಪ ಕೆಡಬಾರದು. ಸರಿಯಾಗಿ ಮಾಡಿದರೆ ದಣಿವು ಭುಜದ ಹಿಂದೆ, ಹೆಗಲ ಚಪ್ಪಟೆ ಮೂಳೆಯಾದ ಸ್ಕ್ಯಾಪುಲಾದ ಮೇಲೆ ಆಳವಾದ ಉರಿಯಂತೆ ಕಾಣಿಸಿಕೊಳ್ಳುತ್ತದೆ. ಭುಜದ ಮುಂದೆ ಚುಚ್ಚಿದರೆ, ಅಥವಾ ನಿಮಗೆ ಪರಿಚಿತವಾಗಿರುವ ತೋಳಿನ ಹೊರಬದಿಯ ನೋವೇ ಮರಳಿ ಬಂದರೆ, ಹೊರೆ ಹೆಚ್ಚಾಗಿದೆ ಅಥವಾ ದಾರಿ ತಪ್ಪಿದೆ. ಮುಂಗೈಯ ಮೇಲ್ಬದಿ ಮೊದಲು ದಣಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತಿದೆ ಎಂದು ಅರ್ಥ, ಗೆಣ್ಣುಗಳು ಮುಂಗೈಯ ನೇರದಲ್ಲೇ ಇರಲಿ. ಕುತ್ತಿಗೆಯ ಪಕ್ಕ ದಣಿದರೆ ಹೆಗಲು ಕಿವಿಯ ಕಡೆಗೆ ಏರುತ್ತಿದೆ. ಹಾಗೆಂದು ಹೆಗಲನ್ನು ಬಲವಂತವಾಗಿ ಕೆಳಕ್ಕೂ ಹಿಂದಕ್ಕೂ ಒತ್ತಿ ಹಿಡಿಯಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕೈ ಮೇಲೇಳುವಾಗ ಸ್ಕ್ಯಾಪುಲಾ ಮೇಲ್ಮುಖವಾಗಿ ತಿರುಗಲೇಬೇಕು, ಅದನ್ನು ಕಟ್ಟಿಹಾಕುವ ಅಭ್ಯಾಸ ಬೆಳೆದರೆ ಮುಂದಿನ ಹಂತದಲ್ಲಿ ತೊಂದರೆ ಕೊಡುತ್ತದೆ.

ಹೆಚ್ಚಿಸುವ ಕ್ರಮ ಸರಳವಾಗಿದೆ. ಮೂರು ಸೆಟ್ಟುಗಳಲ್ಲೂ ಹದಿನೈದು ಸಲ ಮಾಡಲು ಸಾಧ್ಯವಾಗಿ, ಹಾಗೆ ಎರಡು ದಿನ ಮಾಡಿದ ಮೇಲೂ ಬೆಳಗಿನ ಪರೀಕ್ಷೆ ಕೆಡದಿದ್ದರೆ, ಬಾಗಿಲಿನಿಂದ ಒಂದು ಗೇಣು ದೂರ ಸರಿದು ಮತ್ತೆ ಹತ್ತು ಸಲದಿಂದ ಆರಂಭಿಸಿ. ಬ್ಯಾಂಡ್ ತನ್ನ ಮೂಲ ಉದ್ದದ ಎರಡರಷ್ಟಾಗುವ ಹಂತ ಬಂದರೆ ಇನ್ನೂ ದೂರ ಸರಿಯುವ ಬದಲು ಒಂದು ಮೆಟ್ಟಿಲು ಗಟ್ಟಿಯಾದ ಬ್ಯಾಂಡನ್ನು ತೆಗೆದುಕೊಂಡು ಬಾಗಿಲ ಹತ್ತಿರ ಬನ್ನಿ. ನಿಮ್ಮ ವಿಷಯದಲ್ಲಿ ಈ ಹಂತ ನಾಲ್ಕರಿಂದ ಆರು ವಾರ ಹಿಡಿದರೆ ಅದನ್ನು ನಿಧಾನವೆಂದು ತಿಳಿಯಬೇಡಿ. ಸ್ನಾಯುವಿಗೆ ಬಲ ಬರುವುದಕ್ಕಿಂತ ರಜ್ಜುವಿಗೆ ತಾಳಿಕೆ ಬರುವುದು ನಿಧಾನ, ಒಟ್ಟು ಹನ್ನೆರಡು ವಾರದ ಲೆಕ್ಕ ಇಟ್ಟುಕೊಳ್ಳುವುದು ಸರಿ.

ಇದೇ ಅವಧಿಯಲ್ಲಿ ಇನ್ನೆರಡು ವ್ಯಾಯಾಮಗಳನ್ನು ಜೊತೆಗೆ ಸೇರಿಸಿಕೊಳ್ಳಬಹುದು. ಬ್ಯಾಂಡನ್ನು ಎದೆಗಿಂತ ಸ್ವಲ್ಪ ಕೆಳಗೆ ಸಿಕ್ಕಿಸಿ ಎರಡೂ ಕೈಗಳಿಂದ ಹಿಂದಕ್ಕೆ ಎಳೆಯುವ ರೋ ಒಂದು. ಇದರಲ್ಲಿ ಮೊಣಕೈ ಬೆನ್ನಿನ ಗೆರೆಯನ್ನು ಬಹಳ ದಾಟಿ ಹಿಂದೆ ಹೋಗಬಾರದು, ಹೋದರೆ ತೋಳಿನ ಮೂಳೆಯ ತಲೆ ಮುಂದಕ್ಕೆ ಒತ್ತಿ ಭುಜದ ಮುಂಬದಿ ನೋಯುತ್ತದೆ. ಇನ್ನೊಂದು, ಬ್ಯಾಂಡನ್ನು ಬೆನ್ನ ಹಿಂದಿನಿಂದ ಸುತ್ತಿ ತಂದು ಕೈಯನ್ನು ಎದೆಯ ಮಟ್ಟಕ್ಕಿಂತ ಕೆಳಗೆ ಮುಂದಕ್ಕೆ ಚಾಚುವುದು. ಮೊಣಕೈ ನೇರವಾದ ಮೇಲೂ ಕೈಯನ್ನು ನಾಲ್ಕೈದು ಸೆಂಟಿಮೀಟರ್ ಮುಂದೆ ಸರಿಸಿದರೆ ಸ್ಕ್ಯಾಪುಲಾ ಪಕ್ಕೆಲುಬುಗಳ ಮೇಲೆ ಜಾರಿ ಮುಂದೆ ಬರುತ್ತದೆ. ಅದನ್ನು ಹಾಗೆ ತರುವ ಸೆರೇಟಸ್ ಆಂಟೀರಿಯರ್ ಎಂಬ ಸ್ನಾಯುವೇ ಕೈ ಮೇಲೇಳುವಾಗ ಸ್ಕ್ಯಾಪುಲಾವನ್ನು ಮೇಲಕ್ಕೆ ತಿರುಗಿಸುವುದರಿಂದ, ಓವರ್‌ಹೆಡ್ ಪ್ರೆಸ್ ಬಿಟ್ಟವರಿಗೆ ಇದು ಬಹಳ ಮುಖ್ಯ.

ಮುಂದಿನ ಮಾತು ಭುಜದ ಎತ್ತರಕ್ಕಿಂತ ಮೇಲಿನದು. ತಲೆಯ ಮೇಲೆ ಭಾರ ತಳ್ಳುವುದನ್ನು ನೀವು ಜೀವನಪೂರ್ತಿ ಬಿಟ್ಟರೂ ನಷ್ಟವೇನಿಲ್ಲ. ಆದರೆ ಕೈಯನ್ನು ಮೇಲಕ್ಕೆ ಎತ್ತುವುದನ್ನೇ ಬಿಟ್ಟರೆ ಆ ಕೋನದಲ್ಲಿ ರೊಟೇಟರ್ ಕಫ್‌ಗೆ ಕೆಲಸವೇ ಸಿಗುವುದಿಲ್ಲ, ಮುಂದೊಂದು ದಿನ ಎತ್ತರದ ಕಪಾಟಿನಿಂದ ಪೆಟ್ಟಿಗೆಯೊಂದನ್ನು ಇಳಿಸುವಾಗ ಅದು ಸಿದ್ಧವಾಗಿರುವುದಿಲ್ಲ. ಸಾಮಾನ್ಯವಾಗಿ ನೋವು ಕಾಣಿಸುವುದು ಕೈ 60 ಡಿಗ್ರಿಯಿಂದ 120 ಡಿಗ್ರಿಯ ನಡುವೆ ಇರುವಾಗ. ಬ್ಯಾಂಡನ್ನು ಪಾದದಡಿ ಇಟ್ಟು ನೇರಗೈಯನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮ ಹಲವರಿಗೆ ಒಗ್ಗದಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಕೈಯ ಸ್ವಂತ ಭಾರದ ಹೊರೆ ಅತಿ ಹೆಚ್ಚಾಗುವುದು ಭುಜದ ಮಟ್ಟದಲ್ಲಿ, ಬ್ಯಾಂಡಿನ ಬಿಗಿಯೂ ಅಲ್ಲಿಗೆ ಬರುವಷ್ಟರಲ್ಲಿ ಏರಿರುತ್ತದೆ, ನೋವಿನ ವಲಯವೂ ಅದೇ.

ಅದರ ಬದಲು ಗೋಡೆಯ ಸಹಾಯ ತೆಗೆದುಕೊಳ್ಳಿ. ತೀರಾ ಹಗುರವಾದ ಲೂಪ್ ಬ್ಯಾಂಡನ್ನು ಎರಡೂ ಮಣಿಕಟ್ಟುಗಳಿಗೆ ಹಾಕಿಕೊಂಡು, ಮುಂಗೈಗಳನ್ನು ಗೋಡೆಗೆ ತಾಗಿಸಿ, ಹೆಬ್ಬೆರಳುಗಳು ನಿಮ್ಮ ಕಡೆಗೆ ಇರುವಂತೆ ನಿಲ್ಲಿ. ಕೈಗಳು ಭುಜದಷ್ಟು ಅಗಲವಿರಲಿ, ಬ್ಯಾಂಡ್ ಸಡಿಲವಾಗದಂತೆ ಮೆಲ್ಲನೆ ಹೊರಕ್ಕೆ ಹಿಡಿದುಕೊಂಡೇ ಮುಂಗೈಗಳನ್ನು ಗೋಡೆಯ ಮೇಲೆ ಜಾರಿಸುತ್ತ ಮೇಲಕ್ಕೆ ಒಯ್ಯಿರಿ. ಕೈಯ ಭಾರವನ್ನು ಗೋಡೆ ಸ್ವಲ್ಪ ಹೊತ್ತುಕೊಳ್ಳುತ್ತದೆ, ಬ್ಯಾಂಡಿನಿಂದಾಗಿ ಹಿಂಬದಿಯ ಸ್ನಾಯುಗಳು ಎಲ್ಲ ಎತ್ತರದಲ್ಲೂ ಎಚ್ಚರವಾಗಿರುತ್ತವೆ. ಮೊದಲ ವಾರ ಹಣೆಯ ಎತ್ತರದವರೆಗೆ ಹೋದರೂ ಸಾಕು, ಎಂಟು ಸಲದ ಎರಡು ಸೆಟ್. ಮುಂದೆ ವಾರಕ್ಕೆ ಐದಾರು ಸೆಂಟಿಮೀಟರಿನಂತೆ ಏರಿಸುತ್ತ ಹೋಗಿ. ಪೂರ್ತಿ ಎತ್ತರ ಸಿಕ್ಕಿದ ಮೇಲೆ ಗೋಡೆಯಿಂದ ಬೆರಳಗಲ ದೂರ ಕೈಗಳನ್ನು ಎತ್ತಿ ಹಿಡಿದು ಕೆಳಗಿಳಿಸುವುದನ್ನು ಅಭ್ಯಾಸ ಮಾಡಿ. ಅದೂ ಸಲೀಸಾದಾಗ ಪಾದದಡಿಯ ಬ್ಯಾಂಡನ್ನು ತೆಗೆದುಕೊಳ್ಳಬಹುದು. ಆಗಲೂ ಕೈ ಪೂರ್ತಿ ಪಕ್ಕಕ್ಕೂ ಪೂರ್ತಿ ಮುಂದಕ್ಕೂ ಹೋಗದೆ ಎರಡರ ನಡುವಿನ ಓರೆಯಲ್ಲಿ, ಹೆಬ್ಬೆರಳು ಮೇಲ್ಮುಖವಾಗಿ, ಮೊದಮೊದಲು ಮೊಣಕೈ ಮಡಚಿಕೊಂಡೇ ಏಳಬೇಕು. ಹೆಬ್ಬೆರಳು ಕೆಳಮುಖವಾಗಿ ಎತ್ತುವ ಹಳೆಯ ಕ್ರಮವನ್ನು ಕೆರಳಿದ ಭುಜಕ್ಕೆ ನಾನು ಹೇಳಿಕೊಡುವುದಿಲ್ಲ.

ಈ ಇಡೀ ಯೋಜನೆ ನಿಂತಿರುವುದು ತೊಂದರೆ ಕೆರಳಿಕೆಯಷ್ಟೇ ಎಂಬ ನಂಬಿಕೆಯ ಮೇಲೆ. ಅದನ್ನು ಒಮ್ಮೆ ನೀವೇ ಪರೀಕ್ಷಿಸಿ ನೋಡಿ. ಎರಡೂ ಮೊಣಕೈಗಳನ್ನು ಪಕ್ಕೆಗೆ ತಾಗಿಸಿ, ಕೋಲೊಂದನ್ನು ಎರಡೂ ಕೈಗಳಲ್ಲಿ ಅಡ್ಡ ಹಿಡಿದು, ಎಡಗೈಯಿಂದ ತಳ್ಳುತ್ತ ಬಲ ಮುಂಗೈಯನ್ನು ಹೊರಕ್ಕೆ ಕಳಿಸಿ, ಬಲಗೈ ಸಡಿಲವಾಗಿರಲಿ. ಎಡಗೈ ಹೋಗುವಷ್ಟು ದೂರದ ಅರ್ಧಕ್ಕೇ ಬಲಗೈ ಗಟ್ಟಿಯಾಗಿ ನಿಂತುಬಿಟ್ಟರೆ ಅದು ರೊಟೇಟರ್ ಕಫ್‌ನ ನೋವಿಗಿಂತ, ಭುಜದ ಕೀಲೇ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಆಗಿರುವ ಸಾಧ್ಯತೆ ಹೆಚ್ಚು, ಮಧುಮೇಹ ಇರುವವರಲ್ಲಿ ಇನ್ನೂ ಹೆಚ್ಚು. ಅದರ ಚಿಕಿತ್ಸೆಯ ದಾರಿ ಬೇರೆ, ಬ್ಯಾಂಡಿನಿಂದ ಎಳೆದೆಳೆದು ಅದನ್ನು ಬಿಡಿಸಲು ಹೋದರೆ ನೋವು ಹೆಚ್ಚುತ್ತದೆ. ಬಿದ್ದ ಮೇಲೆ ಅಥವಾ ಹಠಾತ್ತಾಗಿ ಏನನ್ನೋ ಎಳೆದ ಮೇಲೆ ಕೈ ಎತ್ತಲೇ ಆಗದಿದ್ದರೆ ಹಳೆಯ ಸ್ಕ್ಯಾನನ್ನು ನೆಚ್ಚಿಕೊಳ್ಳದೆ ಕೂಡಲೇ ವೈದ್ಯರನ್ನು ಕಾಣಿ. ಮೊಣಕೈ ದಾಟಿ ಬೆರಳಿನವರೆಗೆ ಜೋಮು ಹಿಡಿಯುವುದು, ಕುತ್ತಿಗೆ ತಿರುಗಿಸಿದಾಗ ನೋವು ಬದಲಾಗುವುದು ಕುತ್ತಿಗೆಯ ನರದ ಕಡೆಗೆ ಬೆರಳು ತೋರಿಸುತ್ತವೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಯಾವ ಭಂಗಿಯಲ್ಲೂ ತಗ್ಗದ ರಾತ್ರಿ ನೋವು ಇದ್ದರೆ ವ್ಯಾಯಾಮವನ್ನು ಪಕ್ಕಕ್ಕಿಟ್ಟು ತಪಾಸಣೆ ಮಾಡಿಸಿಕೊಳ್ಳಬೇಕು. ಇವು ಯಾವುವೂ ಇಲ್ಲದೆ, ಹೊರೆಯನ್ನು ಇಳಿಸಿ ಕ್ರಮವಾಗಿ ಮಾಡಿಯೂ ಆರು ವಾರದಲ್ಲಿ ನಿದ್ದೆ ಮತ್ತು ಬೆಳಗಿನ ಪರೀಕ್ಷೆ ಎರಡೂ ಇದ್ದಲ್ಲೇ ಇದ್ದರೆ ಫಿಸಿಯೋಥೆರಪಿಸ್ಟ್ ಒಬ್ಬರು ನಿಮ್ಮ ಭುಜವನ್ನು ಮುಟ್ಟಿ ನೋಡಲೇಬೇಕು.

ಅಲ್ಲಿಯವರೆಗೆ ರಾತ್ರಿ ಎಡಮಗ್ಗುಲಿಗೆ ಮಲಗಿ ಬಲತೋಳಿನ ಕೆಳಗೆ, ಎದೆಯ ಮುಂದೆ, ಒಂದು ದಿಂಬು ಇಟ್ಟುಕೊಳ್ಳಿ. ತೋಳು ಎದೆಯ ಮೇಲೆ ಜೋತುಬಿದ್ದು ರಜ್ಜುವನ್ನು ಎಳೆಯುವುದು ತಪ್ಪುತ್ತದೆ. ಜಿಮ್‌ನಲ್ಲಿ ಕಾಲಿನ ವ್ಯಾಯಾಮಗಳನ್ನು ಬಿಡಬೇಕಾಗಿಲ್ಲ, ಬಾರ್ಬೆಲ್ಲನ್ನು ಕುತ್ತಿಗೆಯ ಹಿಂದೆ ಹೊತ್ತು ಮಾಡುವ ಸ್ಕ್ವಾಟ್ ಮಾತ್ರ ಕೈಯನ್ನು ತೀರಾ ಹಿಂದಕ್ಕೆ ಒಯ್ಯುವುದರಿಂದ ಸದ್ಯಕ್ಕೆ ಬೇಡ. ಗೋಡೆಯ ವ್ಯಾಯಾಮ ಪೂರ್ತಿ ಎತ್ತರ ತಲುಪಿ, ತಿರುಗಿಸುವ ವ್ಯಾಯಾಮದಲ್ಲಿ ಬಲಗೈ ಎಡಗೈಗೆ ಸರಿಸಮನಾಗಿ ಅದೇ ಬ್ಯಾಂಡನ್ನು ಅಷ್ಟೇ ಸಲ ಎಳೆಯುವಂತಾದ ಮೇಲೆ, ವಾರಕ್ಕೆ ಎರಡು ದಿನ ಇವೆರಡನ್ನು ಉಳಿಸಿಕೊಂಡರೆ ಸಾಕು. ಪ್ರೆಸ್‌ಗೆ ಮರಳುವ ಮನಸ್ಸು ಆಗ ನಿಮಗಿದ್ದರೆ ನೇರ ತಲೆಯ ಮೇಲಕ್ಕೆ ಹೋಗದೆ, ಬ್ಯಾಂಡನ್ನು ಹಿಂದೆ ಸೊಂಟದ ಎತ್ತರದಲ್ಲಿ ಸಿಕ್ಕಿಸಿ ಮುಂದಕ್ಕೂ ಮೇಲಕ್ಕೂ ಓರೆಯಾಗಿ ತಳ್ಳುವುದರಿಂದ ಶುರುಮಾಡಿ, ಆ ಓರೆಯನ್ನು ಎರಡು-ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಿರುಗಿಸಿ.